ಮೂರು ಮನೆಗಳ ಕಿಡ್ನಿ ವಿನಿಮಯ: ಓ ಗುಂಪಿನ ದಾನಿ ನಮಗೆ ಸಿಕ್ಕಿದ್ದು ಎಲ್ಲಿ

ಮೂರು ಜೋಡಿಗಳ ವಿನಿಮಯ ಕಸಿ ನಮ್ಮಂಥ ಆಸ್ಪತ್ರೆಯಲ್ಲಿ ಆಗದ ಮಾತು ಎಂದು ಎರಡು ವರ್ಷ ಕೇಳುತ್ತಲೇ ಬಂದಿದ್ದೆ. ಕೊನೆಗೊಮ್ಮೆ ಒಂದೇ ದಿನ ಆರು ಶಸ್ತ್ರಚಿಕಿತ್ಸೆಗಳು ಮುಗಿದು ಮೂವರು ರೋಗಿಗಳೂ ಡಯಾಲಿಸಿಸ್ ಇಲ್ಲದೆ ಮನೆಗೆ ಹೋದರು. ಆ ಕೆಲಸ ನಡೆದ ಬಗೆಯನ್ನು ನನ್ನಂತೆಯೇ ಕಸಿ ಸಂಯೋಜಕರಾಗಿರುವವರಿಗಾಗಿ ಬರೆದಿಡುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಕೊಟ್ಟವು, ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ತನ್ನ ಮನೆಯ ದಾನಿಯ ಕಿಡ್ನಿ ಹೊಂದದ ರೋಗಿ ಮತ್ತು ಆ ದಾನಿ ಸೇರಿದರೆ ಒಂದು ಜೋಡಿ, ಇಂಥ ಜೋಡಿಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವುದೇ ವಿನಿಮಯ. ನಮ್ಮ ಪಟ್ಟಿಯಲ್ಲಿ ಆಗ ಹದಿನಾಲ್ಕು ಜೋಡಿಗಳಿದ್ದವು. ರಕ್ತದ ಗುಂಪಿನಲ್ಲಿ ರೋಗಿ ಎ, ದಾನಿ ಬಿ ಆಗಿರುವ ಜೋಡಿಗೆ ಅದರ ತಿರುವುಮುರುವಾದ ಜೋಡಿ ಬೇಗ ಸಿಗುತ್ತದೆ. ಕಷ್ಟವೆಲ್ಲ ಓ ಗುಂಪಿನ ರೋಗಿಗಳದ್ದು, ಏಕೆಂದರೆ ಅವರಿಗೆ ಓ ಗುಂಪಿನ ದಾನಿಯೇ ಆಗಬೇಕು. ಆದರೆ ಓ ದಾನಿ ಯಾರಿಗೆ ಬೇಕಾದರೂ ಕೊಡಬಲ್ಲವನಾದ್ದರಿಂದ ತನ್ನ ಮನೆಯ ರೋಗಿಗೆ ನೇರವಾಗಿ ಕೊಟ್ಟುಬಿಡುತ್ತಾನೆ, ವಿನಿಮಯದ ಪಟ್ಟಿಗೆ ಬರುವುದೇ ಇಲ್ಲ. ಹೀಗಾಗಿ ಓ ರೋಗಿ ಮತ್ತು ಎ ಅಥವಾ ಬಿ ದಾನಿಯ ಜೋಡಿಗಳು ಪಟ್ಟಿಯ ತಳದಲ್ಲಿ ಉಳಿದುಕೊಳ್ಳುತ್ತವೆ. ನಮ್ಮ ಹದಿನಾಲ್ಕರಲ್ಲಿ ಎಂಟು ಅಂಥವೇ ಆಗಿದ್ದವು.

ಓ ದಾನಿ ತನ್ನ ಮನೆಯವರಿಗೇ ಕೊಡಲಾಗದಂತೆ ಆಗುವ ಮುಖ್ಯ ಸಂದರ್ಭ ಒಂದಿದೆ. ಅದು ರೋಗಿಯ ರಕ್ತದಲ್ಲಿ ಆ ದಾನಿಯ ಎಚ್‌ಎಲ್‌ಎ, ಅಂದರೆ ಕೋಶಗಳ ಮೇಲಿರುವ ಗುರುತಿನ ಪ್ರೋಟೀನ್‌ಗಳ ವಿರುದ್ಧ ಪ್ರತಿಕಾಯ ಇರುವ ಸಂದರ್ಭ. ಗರ್ಭಧಾರಣೆಯ ಕಾಲದಲ್ಲಿ ಮಗುವಿನ ಮೂಲಕ ತಂದೆಯ ಎಚ್‌ಎಲ್‌ಎ ತಾಯಿಯ ರಕ್ತಕ್ಕೆ ಪರಿಚಯವಾಗುವುದರಿಂದ, ಗಂಡ ದಾನಿಯಾಗಿ ಹೆಂಡತಿ ರೋಗಿಯಾಗಿರುವ ಜೋಡಿಗಳಲ್ಲಿ ಇದು ಹೆಚ್ಚು. ಇಂಥ ಜೋಡಿಗಳ ರಕ್ತದ ಗುಂಪು ಹೊಂದುತ್ತದೆ, ಆದ್ದರಿಂದ ನಮ್ಮಲ್ಲಿ ಅವರನ್ನು ವಿನಿಮಯದ ಪಟ್ಟಿಗೆ ಸೇರಿಸುತ್ತಲೇ ಇರಲಿಲ್ಲ. ರೋಗಿಯ ಸೀರಮ್ಮಿನಲ್ಲಿ ದಾನಿಯ ಕೋಶಗಳ ವಿರುದ್ಧ ಪ್ರತಿಕಾಯ ಇದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದ ಕೂಡಲೇ ‘ಬೇರೆ ದಾನಿ ತನ್ನಿ’ ಎಂದು ಹೇಳಿ ಕಡತ ಮುಚ್ಚುತ್ತಿದ್ದೆವು. ನಾನು ಮಾಡಿದ ಮೊದಲ ಕೆಲಸ ಆ ಮುಚ್ಚಿದ ಕಡತಗಳನ್ನು ಮತ್ತೆ ತೆರೆದದ್ದು. ಮೂರು ವರ್ಷಗಳ ಕಡತಗಳಲ್ಲಿ ಅಂಥ ಆರು ಜೋಡಿಗಳು ಸಿಕ್ಕವು, ಅವುಗಳಲ್ಲಿ ಎರಡರಲ್ಲಿ ದಾನಿಯ ಗುಂಪು ಓ ಆಗಿತ್ತು.

ಹೊಂದಿಕೆಯಾದ ಮೂರು ಮನೆಗಳು ಹೀಗಿದ್ದವು. ಮೊದಲ ಮನೆಯಲ್ಲಿ ರೋಗಿ ನಲವತ್ತನಾಲ್ಕರ ಗೃಹಸ್ಥ, ಗುಂಪು ಎ. ದಾನಿ ಅವರ ಹೆಂಡತಿ, ಗುಂಪು ಬಿ. ಎರಡನೆಯ ಮನೆಯಲ್ಲಿ ರೋಗಿ ನಲವತ್ತರ ಆಸುಪಾಸಿನ ಹೆಣ್ಣುಮಗಳು, ಗುಂಪು ಬಿ, ಮೂರು ಹೆರಿಗೆಗಳಾಗಿದ್ದವು. ದಾನಿ ಅವರ ಗಂಡ, ಗುಂಪು ಓ. ಮೂರನೆಯ ಮನೆಯಲ್ಲಿ ರೋಗಿ ಇಪ್ಪತ್ತಾರರ ಹುಡುಗ, ಗುಂಪು ಓ. ದಾನಿ ಅವನ ಐವತ್ತೆಂಟರ ತಾಯಿ, ಗುಂಪು ಎ. ಎರಡನೆಯ ಮನೆಯ ಗಂಡನ ಕಿಡ್ನಿ ಹುಡುಗನಿಗೆ, ಹುಡುಗನ ತಾಯಿಯ ಕಿಡ್ನಿ ಮೊದಲ ಮನೆಯ ಗೃಹಸ್ಥನಿಗೆ, ಅವರ ಹೆಂಡತಿಯ ಕಿಡ್ನಿ ಎರಡನೆಯ ಮನೆಯ ಹೆಣ್ಣುಮಗಳಿಗೆ ಎಂದು ಬರೆದಾಗ ಚಕ್ರ ಪೂರ್ಣವಾಯಿತು. ರಕ್ತದ ಗುಂಪಿನ ಲೆಕ್ಕದಲ್ಲಿ ಮೊದಲ ಮತ್ತು ಎರಡನೆಯ ಮನೆಗಳ ನಡುವೆ ನೇರ ವಿನಿಮಯ ಆಗಬಹುದಿತ್ತು, ಆದರೆ ಆಗ ಓ ಗುಂಪಿನ ಹುಡುಗ ಹೊರಗೇ ಉಳಿಯುತ್ತಿದ್ದ. ಹುಡುಗನ ಮನೆಯನ್ನು ಉಳಿದ ಎರಡರಲ್ಲಿ ಯಾವುದರ ಜೊತೆ ಹಿಡಿದರೂ ನೇರ ವಿನಿಮಯ ಆಗುತ್ತಿರಲಿಲ್ಲ ಎಂಬುದನ್ನು ಕೈಯಲ್ಲೇ ಬರೆದು ನೋಡಿಕೊಳ್ಳಬಹುದು.

ಇದಕ್ಕೆ ಮೊದಲು ನಾನು ಕಂಡ ಎರಡು ಸೋಲುಗಳನ್ನು ಹೇಳದಿದ್ದರೆ ಈ ಬಾರಿ ಪ್ರತಿಕಾಯದ ಪರೀಕ್ಷೆಗೆ ಅಷ್ಟು ಹಣ ಏಕೆ ಹಾಕಿಸಿದೆ ಎಂಬುದು ತಿಳಿಯುವುದಿಲ್ಲ. ಮೊದಲನೆಯದು ಎ ಮತ್ತು ಬಿ ನಡುವಿನ ಸುಲಭವಾದ ಎರಡು ಜೋಡಿಗಳ ವಿನಿಮಯ. ಎಲ್ಲ ಪರೀಕ್ಷೆಗಳೂ ನೆಗೆಟಿವ್ ಬಂದು ಸಮಿತಿಯ ಒಪ್ಪಿಗೆಯೂ ಸಿಕ್ಕಿತ್ತು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಹೆಚ್ಚು ಸೂಕ್ಷ್ಮವಾದ ಕೊನೆಯ ಫ್ಲೋ ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂತು. ವಿಚಾರಿಸಿದಾಗ, ರೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ ಎಂದು ಹದಿನೆಂಟು ದಿನಗಳ ಹಿಂದೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು, ನಮಗೆ ಯಾರೂ ತಿಳಿಸಿರಲಿಲ್ಲ. ಬೇರೆಯವರ ರಕ್ತ ಹಾಕಿಸಿಕೊಂಡರೂ ಎಚ್‌ಎಲ್‌ಎ ವಿರುದ್ಧ ಹೊಸ ಪ್ರತಿಕಾಯ ಹುಟ್ಟಬಹುದು. ಎರಡೂ ಮನೆಗಳ ಕಸಿ ನಿಂತಿತು, ಪರೀಕ್ಷೆಗೆ ಸುರಿದ ಸುಮಾರು ಒಂದೂವರೆ ಲಕ್ಷ ರೂಪಾಯಿ ವ್ಯರ್ಥವಾಯಿತು, ಏನೂ ತಪ್ಪಿಲ್ಲದ ಇನ್ನೊಂದು ಮನೆಯವರು ನನ್ನ ಮುಂದೆ ಕುಳಿತು ಅತ್ತರು. ಅಂದಿನಿಂದ ಪಟ್ಟಿಯಲ್ಲಿರುವ ಪ್ರತಿಯೊಬ್ಬ ರೋಗಿಗೂ ವಾರಕ್ಕೊಮ್ಮೆ ನಾನೇ ಫೋನ್ ಮಾಡಿ ರಕ್ತ ಹಾಕಿಸಿಕೊಂಡಿರಾ ಎಂದು ಕೇಳುತ್ತೇನೆ. ಹೌದು ಎಂದರೆ ಎರಡನೆಯ ಮತ್ತು ನಾಲ್ಕನೆಯ ವಾರದಲ್ಲಿ ಹೊಸ ಸೀರಮ್ ತೆಗೆದು ಪ್ರತಿಕಾಯವನ್ನು ಮತ್ತೆ ನೋಡದೆ ಮುಂದೆ ಹೋಗುವುದಿಲ್ಲ.

ಎರಡನೆಯ ಸೋಲು ಪ್ರಯೋಗಾಲಯದ ವರದಿಯನ್ನು ನಾನು ಸರಿಯಾಗಿ ಓದದೆ ಆದದ್ದು. ದಾನಿಯ ಎಚ್‌ಎಲ್‌ಎ ವರದಿಯಲ್ಲಿ ಎ, ಬಿ ಮತ್ತು ಡಿಆರ್ ಎಂಬ ಎಚ್‌ಎಲ್‌ಎ ಬಗೆಗಳು ಮಾತ್ರ ಇದ್ದವು, ಇಲ್ಲಿಯ ಎ, ಬಿ ರಕ್ತದ ಗುಂಪುಗಳಲ್ಲ. ರೋಗಿಯ ಪ್ರತಿಕಾಯದ ಪಟ್ಟಿಯೊಂದಿಗೆ ಇಟ್ಟು ನೋಡಿದಾಗ ಯಾವ ಅಡ್ಡಿಯೂ ಕಾಣಲಿಲ್ಲ. ಆದರೆ ಫ್ಲೋ ಪರೀಕ್ಷೆಯಲ್ಲಿ ಟಿ ಕೋಶ ನೆಗೆಟಿವ್, ಬಿ ಕೋಶ ಪಾಸಿಟಿವ್ ಬಂತು. ಬಿ ಕೋಶಗಳಿಗೆ ಅಂಟಿಕೊಳ್ಳುವ ರಿಟುಕ್ಸಿಮ್ಯಾಬ್ ಔಷಧ ಪಡೆದವರಲ್ಲಿ ಬಿ ಕೋಶದ ಫಲಿತಾಂಶ ಸುಳ್ಳಾಗಿ ಪಾಸಿಟಿವ್ ಬರುವುದುಂಟು, ಆದರೆ ಈ ರೋಗಿಗೆ ಆ ಔಷಧವನ್ನೇ ಕೊಟ್ಟಿರಲಿಲ್ಲ. ಎರಡನೆಯ ವರ್ಗದ ಎಚ್‌ಎಲ್‌ಎ ಬಿ ಕೋಶದ ಮೇಲೆ ಇರುತ್ತದೆ, ವಿಶ್ರಾಂತ ಟಿ ಕೋಶದ ಮೇಲೆ ಇರುವುದಿಲ್ಲ. ಆದ್ದರಿಂದ ಇಂಥ ಫಲಿತಾಂಶ ಕಂಡರೆ ಡಿಆರ್, ಡಿಕ್ಯೂ, ಡಿಪಿಗಳ ಕಡೆ ನೋಡಬೇಕು. ದಾನಿಯ ಡಿಕ್ಯೂ ಮಾಡಿಸಿದಾಗ ರೋಗಿಯಲ್ಲಿ ಅದರ ವಿರುದ್ಧವೇ ಬಲವಾದ ಪ್ರತಿಕಾಯ ಕಂಡಿತು. ಈಗ ಡಿಕ್ಯೂ ಮತ್ತು ಡಿಪಿ ಇಲ್ಲದ ವರದಿಯನ್ನು ನಾನು ಕಡತಕ್ಕೆ ಸೇರಿಸುವುದೇ ಇಲ್ಲ.

ಮೂರು ಮನೆಗಳ ವಿಷಯಕ್ಕೆ ಮರಳುತ್ತೇನೆ. ಎರಡನೆಯ ಮನೆಯ ಹೆಣ್ಣುಮಗಳಿಗೆ ಗಂಡನ ಡಿಕ್ಯೂ7 ವಿರುದ್ಧ ಇದ್ದ ಪ್ರತಿಕಾಯದ ಎಂಎಫ್‌ಐ, ಅಂದರೆ ಅದರ ಬಲವನ್ನು ಸೂಚಿಸುವ ಅಂಕಿ, ಎಂಟೊಂಬತ್ತು ಸಾವಿರ ಇತ್ತು. ಪ್ಲಾಸ್ಮಾ ಬದಲಾವಣೆ, ರಿಟುಕ್ಸಿಮ್ಯಾಬ್, ಇಮ್ಯುನೋಗ್ಲೋಬ್ಯುಲಿನ್ ಎಲ್ಲ ಸೇರಿ ಪ್ರತಿಕಾಯ ಇಳಿಸಿ ಗಂಡನ ಕಿಡ್ನಿಯನ್ನೇ ಹಾಕಲು ಇನ್ನೂ ಐದಾರು ಲಕ್ಷ ಬೇಕೆಂದು ಲೆಕ್ಕ ಕೊಟ್ಟಿದ್ದರು, ಇಳಿದದ್ದು ಮತ್ತೆ ಏರುವುದಿಲ್ಲ ಎಂಬ ಭರವಸೆ ಯಾರೂ ಕೊಡಲಿಲ್ಲ. ಮೊದಲ ಮನೆಯ ಹೆಂಡತಿಯ ಎಚ್‌ಎಲ್‌ಎ ಜೊತೆ ಹೋಲಿಸಿದಾಗ ಎ24 ವಿರುದ್ಧ ಮಾತ್ರ ಏಳೆಂಟು ನೂರರಷ್ಟು ಕಂಡಿತು. ಆ ಅಂಕಿಯನ್ನು ನಾನು ಸುಮ್ಮನೆ ನಂಬಲಿಲ್ಲ. ಪ್ರತಿಕಾಯ ಬಹಳ ಹೆಚ್ಚಾಗಿರುವಾಗ, ಒಂದೊಂದು ಎಚ್‌ಎಲ್‌ಎ ವಿರುದ್ಧದ ಪ್ರತಿಕಾಯವನ್ನು ಬೇರೆಬೇರೆಯಾಗಿ ಅಳೆಯುವ ಸಿಂಗಲ್ ಆ್ಯಂಟಿಜನ್ ಪರೀಕ್ಷೆ ಕೆಲವೊಮ್ಮೆ ಅದನ್ನು ಕಡಿಮೆ ಎಂದೇ ತೋರಿಸುತ್ತದೆ. ಹಿಂದೊಮ್ಮೆ ಬೇರೊಬ್ಬ ರೋಗಿಯಲ್ಲಿ ಎರಡು ಸಾವಿರ ತೋರಿಸಿದ್ದ ಸೀರಮ್ಮನ್ನು ಕುತೂಹಲಕ್ಕೆಂದು ಹತ್ತು ಪಟ್ಟು ತೆಳುಗೊಳಿಸಿ ಪರೀಕ್ಷಿಸಿದಾಗ ಅದು ಹನ್ನೊಂದು ಸಾವಿರ ತೋರಿಸಿತ್ತು. ಇಲ್ಲಿಯೂ ತೆಳುಗೊಳಿಸಿ ನೋಡಿಸಿದೆ, ಅಂಕಿ ಏರದೆ ಇಳಿಯಿತು. ಫ್ಲೋ ಪರೀಕ್ಷೆಯಲ್ಲಿ ಟಿ, ಬಿ ಎರಡೂ ನೆಗೆಟಿವ್ ಬಂದ ಮೇಲೆ ನಮ್ಮ ನೆಫ್ರಾಲಜಿಸ್ಟರು ಒಪ್ಪಿದರು.

ಮೊದಲ ಮನೆಯ ಗೃಹಸ್ಥರ ವಿಷಯದಲ್ಲಿ ಇನ್ನೊಂದು ತೊಡಕು ಬಂತು. ಹುಡುಗನ ತಾಯಿಯ ಕೋಶಗಳೊಂದಿಗೆ ಅವರ ಸಿಡಿಸಿ, ಅಂದರೆ ದಾನಿಯ ಎಷ್ಟು ಕೋಶಗಳು ಸಾಯುತ್ತವೆ ಎಂದು ನೋಡುವ ಕ್ರಾಸ್‌ಮ್ಯಾಚ್‌ನಲ್ಲಿ ಮೂವತ್ತು ಶೇಕಡದಷ್ಟು ಕೋಶಗಳು ಸತ್ತವು, ಆದರೆ ಫ್ಲೋ ಮತ್ತು ಸಿಂಗಲ್ ಆ್ಯಂಟಿಜನ್ ಎರಡೂ ನೆಗೆಟಿವ್ ಇದ್ದವು. ಸೀರಮ್ಮಿಗೆ ಡಿಟಿಟಿ ಎಂಬ ರಾಸಾಯನಿಕ ಹಾಕಿ ಮತ್ತೆ ಮಾಡಿಸಿದಾಗ ಅದು ಹತ್ತಕ್ಕಿಂತ ಕೆಳಗಿಳಿಯಿತು. ಡಿಟಿಟಿ ಐಜಿಎಂ ಪ್ರತಿಕಾಯವನ್ನು ಮುರಿಯುತ್ತದೆ, ಕಸಿಗೆ ಮುಖ್ಯವಾಗಿ ಅಪಾಯಕಾರಿಯಾದದ್ದು ಐಜಿಜಿ. ಸಾವಿರದಷ್ಟು ರೂಪಾಯಿಯ ಆ ಒಂದು ಹೆಚ್ಚುವರಿ ಪರೀಕ್ಷೆ ಇಡೀ ಚಕ್ರವನ್ನು ಉಳಿಸಿತು. ಯಾವ ಜೋಡಿಯನ್ನು ಮೊದಲು ಹೋಲಿಸಬೇಕು ಎಂಬುದಕ್ಕೆ ನಾನು ಮಾಡಿಕೊಂಡಿರುವ ಅಂಕಗಳ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದನ್ನು ಇನ್ನೂ ತಿದ್ದುತ್ತಿದ್ದೇನೆ.

ಪರೀಕ್ಷೆಗಳಿಗಿಂತ ಹೆಚ್ಚು ದಿನ ತಿಂದದ್ದು ಹಣದ ಮಾತು. ‘ಮೂವತ್ತೊಂಬತ್ತರ ನನ್ನ ಹೆಂಡತಿಯ ಕಿಡ್ನಿ ಕೊಟ್ಟು ಐವತ್ತೆಂಟರದನ್ನು ಏಕೆ ತೆಗೆದುಕೊಳ್ಳಲಿ’ ಎಂದು ಮೊದಲ ಮನೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ತಾಯಿಯ ಕಿಡ್ನಿಗಳ ಶೋಧನಾ ಪ್ರಮಾಣದ ವರದಿಯನ್ನು ಅವರ ಮುಂದಿಟ್ಟೆವು, ಹೆಂಡತಿಯಿಂದಲೇ ಪಡೆಯುವ ರಕ್ತದ ಗುಂಪು ಹೊಂದದ ಕಸಿಗೆ ಬೇಕಾಗುವ ನಾಲ್ಕೈದು ಲಕ್ಷ ಹೆಚ್ಚುವರಿ ಖರ್ಚಿನ ಲೆಕ್ಕವನ್ನೂ ಇಟ್ಟೆವು. ನಾಲ್ಕು ದಿನ ಯೋಚಿಸಿ ಒಪ್ಪಿದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ರೂಪಾಯಿಯೂ ಹೋಗಬಾರದು ಎಂಬುದು ಕಾಯ್ದೆಯ ಮಾತು, ಆದ್ದರಿಂದ ಪ್ರತಿ ಮನೆಯೂ ತನ್ನ ರೋಗಿಯ ಮತ್ತು ತನ್ನದೇ ದಾನಿಯ ಖರ್ಚನ್ನು ಭರಿಸಬೇಕೆಂದು ಮೊದಲೇ ಬರೆಸಿಕೊಂಡೆವು. ದಾನಿ ರೋಗಿಯ ಸಂಬಂಧಿಯಲ್ಲ ಎಂದು ಒಂದು ವಿಮಾ ಕಂಪನಿ ಮೊದಲು ಹಣ ನಿರಾಕರಿಸಿತು. ಅನುಮತಿ ಸಮಿತಿಯ ಆದೇಶವನ್ನು ಲಗತ್ತಿಸಿ ಮೂರು ಬಾರಿ ಬರೆದ ಮೇಲೆ ಕೊಟ್ಟಿತು.

ಸಮಿತಿಯ ಮುಂದೆ ನಮಗೆ ಆಧಾರವಾದದ್ದು ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ. ಅದು ವಿನಿಮಯಕ್ಕೆ ಅವಕಾಶ ಕೊಟ್ಟಿದೆ, ಆದರೆ ಪ್ರತಿ ದಾನಿಯೂ ತನ್ನ ರೋಗಿಗೆ ಹತ್ತಿರದ ಸಂಬಂಧಿಯೇ ಆಗಿರಬೇಕು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ಆ ಪಟ್ಟಿಯಲ್ಲಿದ್ದಾರೆ, ಅತ್ತಿಗೆ ಇಲ್ಲ. ಇದನ್ನು ಮರೆತು ಅತ್ತಿಗೆ ದಾನಿಯಾಗಿದ್ದ ಒಂದು ಜೋಡಿಗಾಗಿ ಎರಡು ತಿಂಗಳು ಓಡಾಡಿದ್ದೆ.

ಕೊನೆಯ ಪ್ರಶ್ನೆ ಶಸ್ತ್ರಚಿಕಿತ್ಸೆಯ ಕೊಠಡಿಗಳದ್ದು. ಒಬ್ಬ ದಾನಿ ಕೊಟ್ಟ ಮೇಲೆ ಇನ್ನೊಬ್ಬ ಮನಸ್ಸು ಬದಲಿಸಿದರೆ ಒಂದು ಮನೆ ದಾನಿಯನ್ನೂ ಕಳೆದುಕೊಂಡು ಕಿಡ್ನಿಯೂ ಇಲ್ಲದೆ ಉಳಿಯುತ್ತದೆ, ಆದ್ದರಿಂದ ಮೂವರು ದಾನಿಗಳ ಕೆಲಸ ಒಟ್ಟಿಗೇ ಆರಂಭವಾಗಬೇಕು. ಆರು ಕೊಠಡಿ ಎಲ್ಲಿಂದ ತರುತ್ತೀರಿ ಎಂದು ಎಲ್ಲರೂ ಕೇಳಿದರು. 2013ರ ವಿಶ್ವ ಮೂತ್ರಪಿಂಡ ದಿನದಂದು ಅಹಮದಾಬಾದಿನಲ್ಲಿ ಇಂಥ ಹತ್ತು ವಿನಿಮಯ ಕಸಿಗಳು ನಡೆದದ್ದನ್ನು ನಾನು ನೆನಪಿಸಿದೆ. ನಮಗೆ ನಾಲ್ಕು ಕೊಠಡಿ ಸಾಕಾಯಿತು: ಮೂರರಲ್ಲಿ ದಾನಿಗಳು, ನಾಲ್ಕನೆಯದರಲ್ಲಿ ಮೊದಲ ರೋಗಿ, ಉಳಿದ ಇಬ್ಬರು ರೋಗಿಗಳು ದಾನಿಗಳ ಕೊಠಡಿ ತೆರವಾದಂತೆ. ಬೆಳಗ್ಗೆ ಆರಕ್ಕೆ ಆರೂ ಜನರ ಜ್ವರ, ರಕ್ತದೊತ್ತಡ ನೋಡಿ, ರೋಗಿಗಳ ಪೊಟ್ಯಾಸಿಯಂ ವರದಿ ಬಂದು, ಮೂವರು ದಾನಿಗಳನ್ನೂ ಪ್ರತ್ಯೇಕವಾಗಿ ಕೊನೆಯ ಸಲ ಕೇಳಿದ ಮೇಲೆಯೇ ಅರಿವಳಿಕೆ ಆರಂಭಿಸಲು ಹೇಳಿದೆವು.

ಏಳನೆಯ ದಿನ ಹುಡುಗನ ಕ್ರಿಯಾಟಿನಿನ್ 1.1, ಹೆಣ್ಣುಮಗಳದು 1.0, ಗೃಹಸ್ಥರದು 1.5 ಇತ್ತು. ಹೆಣ್ಣುಮಗಳಲ್ಲಿ ಎ24 ವಿರುದ್ಧದ ಪ್ರತಿಕಾಯವನ್ನು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ನೋಡಿದೆವು, ಅದು ಐನೂರನ್ನು ದಾಟಲಿಲ್ಲ. ಮುಚ್ಚಿದ ಕಡತಗಳಲ್ಲಿ ಸಿಕ್ಕಿದ್ದ ಇನ್ನೊಬ್ಬ ಓ ದಾನಿಯ ಮನೆಗೂ ಈಗ ಚಕ್ರ ಕೂಡಿಬಂದಿದೆ, ಮುಂದಿನ ವಾರ ಅವರ ಕೊನೆಯ ಕ್ರಾಸ್‌ಮ್ಯಾಚ್ ಇದೆ.