ಮೊದಲು ವೇಗ, ಆಮೇಲೆ ಓಲಾಟ: ಮಳೆಗಾಲದ ನಂತರ ಫ್ಯಾನನ್ನು ಸರಿಪಡಿಸಿದ ನನ್ನ ಅನುಭವ

ಸೀಲಿಂಗ್ ಫ್ಯಾನು ನಿಧಾನವಾಗಿ ತಿರುಗುವುದು, ಓಲಾಡುವುದು, ಗುಂಯ್ ಎಂದು ಸದ್ದು ಮಾಡುವುದು ಇವು ಮೂರೂ ಬೇರೆ ಬೇರೆ ಕಾರಣಗಳಿಂದ ಬರುವ ತೊಂದರೆಗಳಾದರೂ, ಮಲೆನಾಡಿನ ಮನೆಗಳಲ್ಲಿ ಹಲವು ಬಾರಿ ಒಂದೇ ಫ್ಯಾನಿನಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಆಗ ಯಾವುದನ್ನು ಮೊದಲು ನೋಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ತೀರ್ಥಹಳ್ಳಿಯ ಸಮೀಪ ಇರುವ ಅಕ್ಕನ ಮನೆಯ ಜಗುಲಿಯ ಫ್ಯಾನಿಗೆ ಕಳೆದ ಮಳೆಗಾಲ ಮುಗಿದ ಮೇಲೆ ಈ ಮೂರೂ ತೊಂದರೆಗಳಿದ್ದವು. ಅದನ್ನು ಸರಿಪಡಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಆ ಕ್ರಮ ತಪ್ಪಿದ್ದರೆ ಅರ್ಧ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತಿತ್ತು.

"ಗಾಳಿಯೇ ಬರೋದಿಲ್ಲ ಮಾರಾಯ, ಹೊಸದೇ ತಂದುಬಿಡೋಣ" ಎಂದು ಭಾವ ಹೇಳಿದ್ದರು. ರೆಗ್ಯುಲೇಟರನ್ನು ಐದಕ್ಕೆ ಇಟ್ಟರೂ ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ತಿರುಗುತ್ತಿದ್ದವು.

ಫ್ಯಾನು ನಿಧಾನವಾಗಲು ಮುಖ್ಯವಾಗಿ ಮೂರು ಕಾರಣಗಳಿರುತ್ತವೆ: ಮನೆಗೆ ಬರುವ ವೋಲ್ಟೇಜ್ ಕಡಿಮೆಯಾಗಿರುವುದು, ಬೇರಿಂಗ್ ಬಿಗಿಯಾಗಿರುವುದು, ಇಲ್ಲವೇ ಕೆಪಾಸಿಟರ್ ಸೋತಿರುವುದು. ವೋಲ್ಟೇಜಿನ ವಿಷಯವನ್ನು ತಿಳಿಯಲು ಯಾವ ಉಪಕರಣವೂ ಬೇಕಾಗಿಲ್ಲ. ಅದೇ ಹೊತ್ತಿಗೆ ಮನೆಯ ಉಳಿದ ಫ್ಯಾನುಗಳೂ ನಿಧಾನವಾಗಿದ್ದರೆ ದೋಷ ಫ್ಯಾನಿನದಲ್ಲ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಪಂಪ್‌ಸೆಟ್‌ಗಳು ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ಹೀಗಾಗುತ್ತದೆ. ಈ ಮೋಟಾರಿನ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಬಲವು ಸುಮಾರು ಶೇ. 40ರಷ್ಟು ಕುಸಿಯುತ್ತದೆ. ಅಕ್ಕನ ಮನೆಯಲ್ಲಿ ಊಟದ ಕೋಣೆಯ ಫ್ಯಾನು ಚೆನ್ನಾಗಿಯೇ ಓಡುತ್ತಿದ್ದುದರಿಂದ ವೋಲ್ಟೇಜಿನ ಸಂಶಯವನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ಪರೀಕ್ಷೆಗೆ ಫ್ಯಾನನ್ನು ಮುಟ್ಟಬೇಕಾಗುತ್ತದೆ. ಗೋಡೆಯ ಸ್ವಿಚ್ಚನ್ನು ಆರಿಸುವುದಷ್ಟೇ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಸೇರಿರುವ ಸಾಧ್ಯತೆ ಇರುತ್ತದೆ, ಮತ್ತು ಹಾಗಿದ್ದರೆ ಫ್ಯಾನು ನಿಂತಿದ್ದರೂ ಅದರ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಆದ್ದರಿಂದ ಮೇನ್ ಸ್ವಿಚ್ಚನ್ನೇ ಇಳಿಸಿ, ಟೆಸ್ಟರಿನಿಂದ ನೋಡಿ, ಏಣಿಯನ್ನು ಹಿಡಿದುಕೊಳ್ಳಲು ಒಬ್ಬರನ್ನು ನಿಲ್ಲಿಸಿಕೊಂಡೇ ಹತ್ತುತ್ತೇನೆ.

ಒಂದು ರೆಕ್ಕೆಯನ್ನು ಕೈಯಿಂದ ಮೆಲ್ಲಗೆ ತಳ್ಳಿದೆ. ಬೇರಿಂಗ್ ಚೆನ್ನಾಗಿದ್ದರೆ ಫ್ಯಾನು ಸದ್ದಿಲ್ಲದೆ ಕೆಲವು ಸುತ್ತು ಹೋಗಿ ತಾನಾಗಿ ನಿಧಾನವಾಗುತ್ತದೆ; ಗ್ರೀಸು ಗಟ್ಟಿಯಾಗಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಒಂದೆರಡು ಸುತ್ತಿನೊಳಗೆ ಹಿಡಿದಂತೆ ನಿಲ್ಲುತ್ತದೆ, ಅಥವಾ ಗರಗರ ಎಂಬ ಒರಟು ಕೈಗೆ ತಿಳಿಯುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ನಾನು ಗಮನಿಸಿರುವುದೇನೆಂದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಹಾಕದೇ ಬಿಟ್ಟ ಫ್ಯಾನುಗಳಲ್ಲಿ ತೇವದಿಂದ ಬೇರಿಂಗ್ ಕೆಡುವುದು ಹೆಚ್ಚು, ಅದೇ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹಗಲೂ ರಾತ್ರಿ ಓಡಿಸಿದ ಫ್ಯಾನುಗಳಲ್ಲಿ ಕೆಪಾಸಿಟರ್ ಸೋಲುವುದು ಹೆಚ್ಚು. ಜಗುಲಿಯ ಈ ಫ್ಯಾನಿನ ಕೆಳಗೆ ಮಳೆಗಾಲವಿಡೀ ಬಟ್ಟೆಯ ಹಗ್ಗವಿತ್ತು. ಕೈಯಿಂದ ತಳ್ಳಿದಾಗ ಅದು ಸರಾಗವಾಗಿ ತಿರುಗಿತು. ಅಲ್ಲಿಗೆ ಉಳಿದದ್ದು ಕೆಪಾಸಿಟರ್ ಒಂದೇ.

ಕೆಪಾಸಿಟರಿನ ಕೆಲಸವನ್ನು ಅರಿತರೆ ಅದರ ರೋಗಲಕ್ಷಣಗಳು ತಾವಾಗಿ ಅರ್ಥವಾಗುತ್ತವೆ. ಫ್ಯಾನಿನ ಮೋಟಾರಿನಲ್ಲಿ ವೈಂಡಿಂಗ್ ಎನ್ನುವ ಎರಡು ತಂತಿಯ ಸುತ್ತುಗಳಿರುತ್ತವೆ. ಅವೆರಡರಲ್ಲೂ ಕರೆಂಟು ಒಂದೇ ಹೊತ್ತಿಗೆ ಏರಿಳಿದರೆ ಮೋಟಾರು ತಿರುಗಲಾರದೆ ಕಂಪಿಸುತ್ತದೆ. ಒಂದು ಸುತ್ತಿನ ಕರೆಂಟನ್ನು ಇನ್ನೊಂದಕ್ಕಿಂತ ತುಸು ಮುಂದಾಗಿಸಿ ತಿರುಗುವ ಕಾಂತಬಲವನ್ನು ಉಂಟುಮಾಡುವುದು ಕೆಪಾಸಿಟರ್. ಅದು ಪೂರ್ತಿ ಕೆಟ್ಟರೆ ಫ್ಯಾನು ಗುಂಯ್ ಎನ್ನುತ್ತ ನಿಂತೇ ಇರುತ್ತದೆ ಮತ್ತು ಕೋಲಿನಿಂದ ಯಾವ ಕಡೆಗೆ ತಳ್ಳಿದರೆ ಆ ಕಡೆಗೆ ತಿರುಗಲು ತೊಡಗುತ್ತದೆ. ಅರ್ಧ ಸೋತಿದ್ದರೆ ಫ್ಯಾನು ತಾನಾಗಿ ಹೊರಡುತ್ತದೆ, ಆದರೆ ವೇಗಕ್ಕೆ ಬರುವುದಿಲ್ಲ.

ಮೋಟಾರಿನ ಮೇಲೆ ಸರಳಿಗೆ ಕೂತಿರುವ ಬಟ್ಟಲಿನ ಸ್ಕ್ರೂ ಸಡಿಲಿಸಿ ಅದನ್ನು ಮೇಲಕ್ಕೆ ಸರಿಸಿದಾಗ ಕೆಪಾಸಿಟರ್ ಕಾಣಿಸಿತು. ತಂತಿಗಳು ಎಲ್ಲೆಲ್ಲಿ ಸೇರಿವೆ ಎಂಬುದನ್ನು ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಬಿಡಿಸಿದ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಅದರ ಎರಡೂ ತುದಿಗಳನ್ನು ಒಮ್ಮೆ ಸೇರಿಸಿದ ಮೇಲೆಯೇ ಕೈಯಿಂದ ಮುಟ್ಟಬೇಕು. ಅದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದು ಬರೆದಿತ್ತು, ಮಲ್ಟಿಮೀಟರಿನಲ್ಲಿ 1.4 ಮಾತ್ರ ತೋರಿಸಿತು. ಮೀಟರ್ ಇಲ್ಲದವರು ಹೊಸದನ್ನು ಹಾಕಿಯೇ ನೋಡಬಹುದು. ಸಣ್ಣ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ನೂರು ರೂಪಾಯಿಯೊಳಗೆ ಸಿಗುವ ವಸ್ತು ಅದು. ಹೊಸದರ ಮೇಲೂ ಅದೇ 2.5 ಮತ್ತು 440 ವೋಲ್ಟ್ ಎಂದು ಇರುವುದನ್ನು ನೋಡಿ ತಂದೆ. ಇನ್ನಷ್ಟು ವೇಗ ಬರಲೆಂದು ದೊಡ್ಡ ಕೆಪಾಸಿಟರ್ ಹಾಕುವವರಿದ್ದಾರೆ. ಅದರಿಂದ ಒಂದು ಸುತ್ತಿನಲ್ಲಿ ಹೆಚ್ಚು ಕರೆಂಟು ಹರಿದು ಮೋಟಾರು ಬಿಸಿಯಾಗುತ್ತದೆ ಮತ್ತು ಕೊನೆಗೆ ವೈಂಡಿಂಗ್ ಸುಡುತ್ತದೆ, ಆದ್ದರಿಂದ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಈ ಕೆಪಾಸಿಟರಿಗೆ ಪ್ಲಸ್, ಮೈನಸ್ ಎಂಬುದಿಲ್ಲ. ಎರಡು ತಂತಿಗಳನ್ನು ಹೇಗೆ ಸೇರಿಸಿದರೂ ಆಗುತ್ತದೆ, ಆದರೆ ಜೋಡಣೆಯ ಮೇಲೆ ಇನ್ಸುಲೇಷನ್ ಟೇಪನ್ನು ಬಿಗಿಯಾಗಿ ಸುತ್ತಲೇಬೇಕು.

ವೇಗ ಬಂತು. ವೇಗ ಬಂದ ಕೂಡಲೇ ಅಲ್ಲಿಯವರೆಗೆ ಸಣ್ಣದಾಗಿ ಕಾಣುತ್ತಿದ್ದ ಓಲಾಟ ಅಕ್ಕ ಹೆದರುವಷ್ಟು ಜೋರಾಯಿತು. ಇದಕ್ಕೆ ಹೊಸ ಕೆಪಾಸಿಟರ್ ಕಾರಣವಲ್ಲ. ರೆಕ್ಕೆಗಳ ತೂಕ ಅಥವಾ ಮಟ್ಟದಲ್ಲಿ ವ್ಯತ್ಯಾಸವಿದ್ದರೆ ಅದು ಎಳೆಯುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಅಂದರೆ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ವೇಗವನ್ನು ಸರಿಪಡಿಸದೆ ಮೊದಲೇ ಓಲಾಟಕ್ಕೆ ಕೈ ಹಾಕಿದ್ದರೆ ಅದು ಸರಿಯಾಯಿತೆಂದೇ ತೋರುತ್ತಿತ್ತು, ಕೆಪಾಸಿಟರ್ ಹಾಕಿದ ಮೇಲೆ ಮತ್ತೆ ಮರುಕಳಿಸುತ್ತಿತ್ತು. ಕ್ರಮ ಮುಖ್ಯ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಓಲಾಟಕ್ಕೆ ಮೊದಲು ಮಾಡಬೇಕಾದದ್ದು ರೆಕ್ಕೆಗಳನ್ನು ತೊಳೆಯುವುದು. ಅಡಿಕೆ ಬೇಯಿಸುವ ಒಲೆಯ ಹೊಗೆ ಜಗುಲಿಗೂ ಬರುವ ಮನೆಯಾದ್ದರಿಂದ ಗಾಳಿಯನ್ನು ಸೀಳುವ ಅಂಚಿನುದ್ದಕ್ಕೂ ಜಿಡ್ಡಿನ ಜೊತೆ ಕಪ್ಪು ಧೂಳು ಪದರಗಟ್ಟಿತ್ತು, ಮತ್ತು ಅದು ಮೂರೂ ರೆಕ್ಕೆಗಳಲ್ಲಿ ಒಂದೇ ದಪ್ಪವಾಗಿರಲಿಲ್ಲ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪನ್ನೋ ಅಂಟುವಾಳದ ನೊರೆಯನ್ನೋ ಬೆರೆಸಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ವಾಷಿಂಗ್ ಸೋಡಾ ಬಳಸಬಾರದು, ಏಕೆಂದರೆ ಅದು ಅಲ್ಯೂಮಿನಿಯಂ ರೆಕ್ಕೆಯನ್ನು ತಿನ್ನುತ್ತದೆ. ಒರೆಸುವಾಗ ಇನ್ನೊಂದು ಕೈಯನ್ನು ರೆಕ್ಕೆಯ ಕೆಳಗೆ ಆಧಾರವಾಗಿ ಇಟ್ಟುಕೊಳ್ಳಬೇಕು. ಮೇಲಿನಿಂದ ಒತ್ತಿ ಒರೆಸುವುದರಿಂದಲೇ ಎಷ್ಟೋ ರೆಕ್ಕೆಗಳು ಬಾಗುತ್ತವೆ.

ತೊಳೆದ ಮೇಲೆ ಮಟ್ಟ ನೋಡಿದೆ. ಒಂದು ಉದ್ದ ಕೋಲನ್ನು ನೆಲದಿಂದ ನೆಟ್ಟಗೆ ನಿಲ್ಲಿಸಿ, ಫ್ಯಾನನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ರೆಕ್ಕೆಯ ತುದಿಯನ್ನು ಅದೇ ಜಾಗಕ್ಕೆ ತಂದು ಕೋಲಿನ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿದೆ. ಎರಡು ಗೆರೆಗಳು ಒಂದರ ಮೇಲೊಂದು ಬಿದ್ದವು. ಮೂರನೆಯದು ಸುಮಾರು 9 ಮಿಲಿಮೀಟರ್ ಕೆಳಗಿತ್ತು. ಆ ರೆಕ್ಕೆಯ ಬುಡದ ಸ್ಕ್ರೂಗಳನ್ನು ಬಿಚ್ಚಿದಾಗ ರೆಕ್ಕೆಯ ಹಿಡಿಕೆ ಮೋಟಾರಿಗೆ ಕೂರುವಲ್ಲಿ ತುಕ್ಕು ಉಬ್ಬಿ ಪದರವಾಗಿತ್ತು, ಹಾಗಾಗಿ ಹಿಡಿಕೆ ಮಟ್ಟಸವಾಗಿ ಕೂರುತ್ತಿರಲಿಲ್ಲ. ಮರಳು ಕಾಗದದಿಂದ ಎರಡೂ ಮುಖಗಳನ್ನು ಉಜ್ಜಿ, ಒರೆಸಿ, ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ವ್ಯತ್ಯಾಸ 3 ಮಿಲಿಮೀಟರಿಗೆ ಇಳಿಯಿತು, ಅಷ್ಟು ಸಾಕು. ರೆಕ್ಕೆಯನ್ನು ಕೈಯಿಂದ ಬಗ್ಗಿಸಿ ಮಟ್ಟ ಮಾಡುವುದು ಕಡೆಯ ಉಪಾಯವಾಗಿರಲಿ, ಏಕೆಂದರೆ ಬಗ್ಗಿಸುವಾಗ ಓರೆ ಬದಲಾದರೆ ಮಟ್ಟ ಸರಿಯಾದರೂ ಗಾಳಿಯ ಎಳೆತ ಸಮನಾಗುವುದಿಲ್ಲ. ಇನ್ನೊಂದು ಫ್ಯಾನಿನ ರೆಕ್ಕೆಯನ್ನು ತಂದು ಸೇರಿಸಲೂಬಾರದು. ಮೂರನ್ನೂ ತೂಕ ಹೊಂದಿಸಿ ಒಂದು ಜೊತೆಯಾಗಿ ಮಾರುತ್ತಾರೆ.

ಇಷ್ಟಾದರೂ ತುಸು ಓಲಾಟ ಉಳಿದಿತ್ತು. ಹೆಂಚಿನ ಮನೆಯಲ್ಲಿ ತೊಲೆ ಎತ್ತರದಲ್ಲಿರುವುದರಿಂದ ಫ್ಯಾನಿನ ಸರಳು ಉದ್ದವಾಗಿರುತ್ತದೆ, ಸರಳು ಉದ್ದವಾದಷ್ಟೂ ಮೇಲಿನ ಸಣ್ಣ ಸಡಿಲ ಕೆಳಗೆ ದೊಡ್ಡದಾಗಿ ಕಾಣುತ್ತದೆ. ಕೊಕ್ಕೆಗೆ ಸಿಕ್ಕಿಸುವ ಜಾಗದ ರಬ್ಬರು ಬಿರಿದು ಒಂದು ಬದಿಗೆ ಸವೆದಿತ್ತು. ಇಬ್ಬರು ಹಿಡಿದು ಫ್ಯಾನನ್ನು ಕೆಳಗಿಳಿಸಿ, ಹೊಸ ರಬ್ಬರು ಹಾಕಿ, ಬೋಲ್ಟಿನ ನಟ್ಟನ್ನು ಬಿಗಿದು, ನಟ್ಟು ಕಳಚದಂತೆ ತಡೆಯುವ ಸೀಳು ಪಿನ್ನನ್ನೂ ಹೊಸದಾಗಿ ಹಾಕಿದೆ. ಈ ಪಿನ್ನು ಇಲ್ಲದೆ ತೂಗುವ ಫ್ಯಾನುಗಳನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ, ನೋಡಿದಲ್ಲೆಲ್ಲ ಆ ಹೊತ್ತೇ ನಿಲ್ಲಿಸಲು ಹೇಳಿದ್ದೇನೆ. ಕೊಕ್ಕೆ ಇರುವ ತೊಲೆಯಲ್ಲಿ ಗೆದ್ದಲು ಅಥವಾ ಕುಟ್ಟೆ ಹುಳುವಿನ ಪುಡಿ ಇದೆಯೇ ಎಂದು ಉಳಿಯಿಂದ ಚುಚ್ಚಿ ನೋಡುವುದನ್ನೂ ಅದೇ ಏಣಿಯ ಮೇಲೆ ಮುಗಿಸಬೇಕು.

ಕೊನೆಗೆ ಉಳಿದದ್ದು ಗುಂಯ್ ಸದ್ದು. ಹಲಗೆಯ ಮುಚ್ಚಿಗೆ ಇರುವ ಮನೆಯಲ್ಲಿ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ, ಆದ್ದರಿಂದ ಕಿವಿಯನ್ನು ನಂಬಿ ಮೋಟಾರನ್ನು ದೂರುವ ಮೊದಲು ರೆಗ್ಯುಲೇಟರನ್ನು ತಿರುಗಿಸಿ ನೋಡಬೇಕು. ಐದರಲ್ಲಿ ಫ್ಯಾನು ಮೌನವಾಗಿತ್ತು. ಕಡಿಮೆ ವೇಗಕ್ಕೆ ತಂದಾಗ ಮಾತ್ರ ಸದ್ದು ಬರುತ್ತಿತ್ತು. ಹೀಗಿದ್ದರೆ ಕಾರಣ ರೆಗ್ಯುಲೇಟರ್. ಹಂತಗಳಿಲ್ಲದೆ ನುಣ್ಣಗೆ ತಿರುಗುವ ಬಗೆಯ ರೆಗ್ಯುಲೇಟರ್ ಕರೆಂಟಿನ ಪ್ರತಿ ಅಲೆಯ ಒಂದು ಭಾಗವನ್ನು ಕತ್ತರಿಸಿ ವೇಗ ತಗ್ಗಿಸುತ್ತದೆ, ಆ ಕತ್ತರಿಸಿದ ಅಲೆಯೇ ಮೋಟಾರನ್ನು ಗುಂಯ್ ಎನಿಸುತ್ತದೆ. ಟಕ್ ಟಕ್ ಎಂದು ಹಂತ ಹಂತವಾಗಿ ತಿರುಗುವ, ಒಳಗೆ ಕೆಪಾಸಿಟರುಗಳಿರುವ ರೆಗ್ಯುಲೇಟರ್ ಹಾಕಿದ ಮೇಲೆ ಸದ್ದು ನಿಂತಿತು. ಪೂರ್ಣ ವೇಗದಲ್ಲೂ ಗುಂಯ್ ಎನ್ನುತ್ತಿದ್ದರೆ ಕೆಪಾಸಿಟರನ್ನು, ಅದೂ ಸರಿಯಿದ್ದರೆ ಮೋಟಾರನ್ನು ನೋಡಬೇಕಾಗುತ್ತದೆ.

ಬೇರಿಂಗ್ ಮತ್ತು ವೈಂಡಿಂಗ್ ಕೆಲಸವನ್ನು ನಾನು ಮನೆಯಲ್ಲಿ ಮಾಡುವುದಿಲ್ಲ. ಗರಗರ ಸದ್ದಿದ್ದರೆ ಮೇಲಿನಿಂದ ಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ, ಆದರೆ ಮುಚ್ಚಳವಿರುವ ಬೇರಿಂಗಿನೊಳಗೆ ಎಣ್ಣೆ ಸರಿಯಾಗಿ ಹೋಗುವುದಿಲ್ಲ; ಅದು ಮೋಟಾರಿನೊಳಗೆ ಇಳಿದು ಧೂಳನ್ನು ಹಿಡಿಯುತ್ತದೆ. ಮೋಟಾರನ್ನು ಬಿಚ್ಚಿ ಹಳೆಯ ಬೇರಿಂಗನ್ನು ಎಳೆದು ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆಯಿಂದ ಬಡಿದರೆ ಸುತ್ತಿನ ತಂತಿಗೆ ಪೆಟ್ಟಾಗುತ್ತದೆ. ಸುಟ್ಟ ವಾರ್ನಿಷಿನ ವಾಸನೆ ಬಂದರೆ, ಅಥವಾ ಸರಿಯಾದ ಹೊಸ ಕೆಪಾಸಿಟರ್ ಹಾಕಿದ ಮೇಲೂ ಸ್ವಲ್ಪ ಹೊತ್ತಿಗೇ ಮೋಟಾರು ಮುಟ್ಟಲಾಗದಷ್ಟು ಬಿಸಿಯಾದರೆ, ರೆಕ್ಕೆಗಳನ್ನು ಮನೆಯಲ್ಲೇ ಕಳಚಿಟ್ಟು ಮೋಟಾರನ್ನಷ್ಟೇ ವೈಂಡಿಂಗ್ ಅಂಗಡಿಗೆ ಒಯ್ಯುತ್ತೇನೆ. ಯಾವ ರೆಕ್ಕೆ ಯಾವ ಜಾಗದ್ದು ಎಂದು ಬುಡದಲ್ಲಿ ಗುರುತು ಹಾಕಿಟ್ಟರೆ ಮರಳಿ ಜೋಡಿಸುವಾಗ ಓಲಾಟದ ಕೆಲಸ ಮತ್ತೆ ಮೊದಲಿನಿಂದ ಬೀಳುವುದಿಲ್ಲ.