ಒಂದೇ ಉತ್ತರಕ್ಕೆ ಮುಗಿದ ಕ್ವೆರಿ ಲೆಟರ್: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಭಾವನಿಗೆ ಇಲಿಜ್ವರ ಬಂತು. ತೀರ್ಥಹಳ್ಳಿ ಕಡೆಯ ತೋಟದಿಂದ ಶಿವಮೊಗ್ಗಕ್ಕೆ ಕರೆದೊಯ್ದು ಐದು ದಿನ ಅಡ್ಮಿಟ್ ಮಾಡಿದೆವು. ಬಿಲ್ ಹತ್ತಿರ ಹತ್ತಿರ 68 ಸಾವಿರ. ಆರೋಗ್ಯ ವಿಮೆಯಲ್ಲಿ ಕ್ಯಾಶ್‌ಲೆಸ್ ಆಗದೆ, ಬಿಲ್ ನಾವೇ ಕಟ್ಟಿ ಆ ಹಣ ವಾಪಸ್ ಕೇಳುವ ರೀಇಂಬರ್ಸ್‌ಮೆಂಟಿಗೆ ಹಾಕಿದ್ದೆವು. ಮೂರು ವಾರ ಕಳೆದ ಮೇಲೆ ವಿಮಾ ಕಂಪನಿಯಿಂದ, ಬಾಕಿ ಕಾಗದ ಕೇಳುವ ಕ್ವೆರಿ ಲೆಟರ್: ಡಿಸ್‌ಚಾರ್ಜ್ ಸಮ್ಮರಿ ಇಲ್ಲ, ಇನ್ವೆಸ್ಟಿಗೇಷನ್ ರಿಪೋರ್ಟ್ ಇಲ್ಲ, 15 ದಿನದೊಳಗೆ ಕಳಿಸಿ.

ಪಾಲಿಸಿ ಮಾಡಿಸಿದ ಏಜೆಂಟ್ ನಾನೇ. "ಇಡೀ ಫೈಲ್ ಇನ್ನೊಂದು ಸಲ ಜೆರಾಕ್ಸ್ ಮಾಡಿ ಕಳಿಸು ಮಾರಾಯ, ಬಂದ್ರೆ ಬಂತು" ಅಂದರು ಪೇಟೆಯ ಹಳೇ ಏಜೆಂಟರು. ಎರಡು ವರ್ಷದ ಹಿಂದೆ ಇನ್ನೊಬ್ಬರ ಕ್ಲೈಮಿಗೆ ನಾನು ಅದನ್ನೇ ಮಾಡಿದ್ದೆ. ಮತ್ತೆ ಅದೇ ಕ್ವೆರಿ, ಎರಡು ರಿಮೈಂಡರ್, ಆಮೇಲೆ ಫೈಲ್ ಕ್ಲೋಸ್. ಅವರಿಗೆ 40 ಸಾವಿರದಷ್ಟು ಕೈಬಿಟ್ಟಿತು. ಆ ಮನೆಯ ಅಂಗಳಕ್ಕೆ ಹೋಗುವಾಗ ಇವತ್ತಿಗೂ ಸಂಕಟವಾಗುತ್ತದೆ.

ಈ ಸಲ ಕೈಗೆತ್ತಿಕೊಂಡದ್ದು ಫೈನಲ್ ಬಿಲ್ಲಿನ ಬ್ರೇಕಪ್ಪನ್ನು. ಲ್ಯಾಬ್ ಪುಟದ ಪ್ರತಿ ಸಾಲಿನ ಎದುರಿಗೂ ರಿಪೋರ್ಟ್ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಒಟ್ಟು 23 ಸಾಲು ಇದ್ದವು, ರಿಪೋರ್ಟ್ ಇದ್ದದ್ದು 15ಕ್ಕೆ. ಉಳಿದ ಎಂಟರಲ್ಲಿ ಆರು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲೇ ಇದ್ದವು. ಒಂದು, ಹೊರಗಿನ ಲ್ಯಾಬಿಗೆ ಕಳಿಸಿದ ಲೆಪ್ಟೋ ಐಜಿಎಂ, ಅಂದರೆ ಇಲಿಜ್ವರ ಪತ್ತೆಯ ರಕ್ತಪರೀಕ್ಷೆ. ಕೊನೆಯದು ಕ್ರಿಯಾಟಿನಿನ್, ಒಂದೇ ದಿನಕ್ಕೆ ಎರಡು ಸಲ ಬಿಲ್ಲಾಗಿತ್ತು, ರಕ್ತ ತೆಗೆದದ್ದು ಒಂದೇ ಸಲ. ಅದಕ್ಕೆ ರಿಪೋರ್ಟ್ ಹುಡುಕುತ್ತಾ ಕೂತಿದ್ದರೆ 15 ದಿನ ಅದಕ್ಕೇ ಮುಗಿಯುತ್ತಿತ್ತು. ಆ ನಾನೂರು ಚಿಲ್ಲರೆ ರೂಪಾಯಿ ನಾವು ಕೇಳುವುದಿಲ್ಲ ಎಂದು ಉತ್ತರದಲ್ಲೇ ಬರೆದೆ.

ನಿಜವಾದ ತೊಡಕು ಡಿಸ್‌ಚಾರ್ಜ್ ಸಮ್ಮರಿಯಲ್ಲಿತ್ತು. ನಾವು ಮೊದಲು ಕಳಿಸಿದ್ದು ಸೀಲೂ ಇಲ್ಲದ, ಕೈಬರಹದ ಡಿಸ್‌ಚಾರ್ಜ್ ಕಾರ್ಡು. ಟೈಪ್ ಆದದ್ದು ಕೇಳಿ ಪಡೆದರೆ ಅದರಲ್ಲಿ ಡಯಾಗ್ನೋಸಿಸ್ ಜಾಗದಲ್ಲಿ "ಜ್ವರ, ಕಾರಣ ಪರಿಶೀಲನೆಯಲ್ಲಿದೆ" ಎಂದಿತ್ತು. ಜ್ವರ ಬಂದು ಐದಾರು ದಿನ ಆಗುವವರೆಗೆ ಐಜಿಎಂ ಸರಿಯಾಗಿ ತೋರಿಸದಿರಬಹುದು. ಹಾಗಾಗಿ ಭಾವನ ರಕ್ತ ಹೋದದ್ದೇ ತಡವಾಗಿ, ಪಾಸಿಟಿವ್ ಬಂದದ್ದು ಮನೆಗೆ ಬಂದ ಎರಡನೇ ದಿನ. ಅಷ್ಟರಲ್ಲಿ ಸಮ್ಮರಿ ಸಿದ್ಧವಾಗಿತ್ತು. ಹಾಗೇ ಕಳಿಸಿದರೆ ಬರೀ ಪರೀಕ್ಷೆಗಾಗಿ ಅಡ್ಮಿಟ್ ಆದದ್ದು ಎಂದು ಪಾಲಿಸಿಯ 04ನೇ ಎಕ್ಸ್‌ಕ್ಲೂಷನ್ ಹಾಕಿ ಕ್ಲೈಮ್ ತಳ್ಳಲು ದಾರಿಯಾಗುತ್ತದೆ. ಕೇಳಿದ ಕಾಗದವನ್ನೇ ಕೊಟ್ಟು ಕ್ಲೈಮ್ ಕಳೆದುಕೊಳ್ಳುವುದು ಇಲ್ಲೇ.

ಡಾಕ್ಟರ ಹತ್ತಿರ ಹೋಗಿ ಐಜಿಎಂ ರಿಪೋರ್ಟ್ ತೋರಿಸಿದೆ. ಹಳೇ ಸಮ್ಮರಿ ತಿದ್ದಿಸಬೇಡಿ, ತಿದ್ದಿದ ಕಾಗದ ಕಂಡರೆ ಅನುಮಾನ ಶುರುವಾಗುತ್ತದೆ. ಅಡೆಂಡಮ್ ಎಂದು ಬೇರೆ ಹಾಳೆಯಲ್ಲಿ ಅಂತಿಮ ಡಯಾಗ್ನೋಸಿಸ್, ರಿಪೋರ್ಟ್ ಬಂದ ತಾರೀಕು, ಆ ಐದು ದಿನ ನರಕ್ಕೆ ಕೊಟ್ಟ ಆ್ಯಂಟಿಬಯೋಟಿಕ್, ಇಷ್ಟು ಬರೆಸಿ ಅಡ್ಮಿಟ್ ಆದಾಗ ಕೊಟ್ಟ ಐಪಿ ನಂಬರ್, ಡಾಕ್ಟರ ಸಹಿ, ರಿಜಿಸ್ಟ್ರೇಷನ್ ನಂಬರ್, ಆಸ್ಪತ್ರೆ ಸೀಲು ಹಾಕಿಸಿದೆ.

ರೆಕಾರ್ಡ್ ವಿಭಾಗದವರು ಮೊದಲು "ಮುಂದಿನ ತಿಂಗಳು ಬನ್ನಿ" ಅಂದರು. ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿದೆ. ಅದನ್ನು ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆ, ಅರ್ಜಿಯಲ್ಲಿ ಬರೆದು ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡರೆ ಕೆಲಸವಾಗುತ್ತದೆ. ನನಗೆ ಮೂರನೇ ದಿನ ಸಿಕ್ಕಿತು. ಅಲ್ಲಿ ಯಾರನ್ನು, ಯಾವ ಹೊತ್ತಿಗೆ ಕಾಣಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ರಿಪೋರ್ಟ್ ಜೋಡಿಸುವುದರಲ್ಲೂ ಎರಡು ಬಗೆ ಮಾಡಿ ನೋಡಿದ್ದೇನೆ. ಹಿಂದೆ ತಾರೀಕಿನ ಪ್ರಕಾರ ಜೋಡಿಸುತ್ತಿದ್ದೆ, ಆಗೆಲ್ಲ "ಇಂಥದ್ದು ಸಿಗಲಿಲ್ಲ" ಎಂದು ಮತ್ತೆ ಕಾಗದ ಬರುತ್ತಿತ್ತು. ಈಗ ಬಿಲ್ಲಿನ ಸಾಲಿನ ಪ್ರಕಾರ ಜೋಡಿಸಿ ಎಲ್ಲ ಹಾಳೆಗೂ ಪುಟಸಂಖ್ಯೆ ಹಾಕುತ್ತೇನೆ. ಉತ್ತರ ಒಂದೇ ಪುಟ. ಮೇಲೆ ಕ್ಲೈಮ್ ನಂಬರ್, ಪಾಲಿಸಿ ನಂಬರ್, ಅವರ ಪತ್ರದ ತಾರೀಕು. ಕೆಳಗೆ ಅವರ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಇಳಿಸಿ, ಅದರಡಿಗೆ ಉತ್ತರ: "ಡಿಸ್‌ಚಾರ್ಜ್ ಸಮ್ಮರಿ ಪುಟ 2ರಿಂದ 4, ಅಡೆಂಡಮ್ ಪುಟ 5. ಬಿಲ್ಲಿನ 1ರಿಂದ 22ನೇ ಸಾಲಿನ ರಿಪೋರ್ಟ್ ಪುಟ 6ರಿಂದ 31. 23ನೇ ಸಾಲು ಎರಡು ಬಾರಿ ಬಿಲ್ಲಾಗಿದೆ, ಆ ಮೊತ್ತ ಕೋರುವುದಿಲ್ಲ." ವಾಟ್ಸಾಪ್ ಫೋಟೋ ಬೇಡ, ಅದನ್ನು ಮಾಡಿ ಪೆಟ್ಟು ತಿಂದಿದ್ದೇನೆ, ಅಕ್ಷರ ಕಾಣುವುದಿಲ್ಲ ಎಂದು ತಳ್ಳಿದರು. ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಇಮೇಲಿಗೆ, ಕಾಗದದ ಸೆಟ್ ಸ್ಪೀಡ್ ಪೋಸ್ಟಿಗೆ. ಅಂದಹಾಗೆ ನಮ್ಮ ಮಳೆಗಾಲದ ತಂಡಿಗೆ ಥರ್ಮಲ್ ಪೇಪರಿನ ಲ್ಯಾಬ್ ರಸೀದಿ ಎರಡೇ ತಿಂಗಳಿಗೆ ಮಾಸಿದ್ದನ್ನು ಕಂಡಿದ್ದೇನೆ, ಕೈಗೆ ಬಂದ ದಿನವೇ ಜೆರಾಕ್ಸ್ ತೆಗೆಸಿ.

ಬಸ್ಸು, ಜೆರಾಕ್ಸು, ಪೋಸ್ಟು ಎಲ್ಲ ಸೇರಿ 900ರ ಒಳಗೆ ಮುಗಿಯಿತು. ಇಪ್ಪತ್ತು ದಿನಕ್ಕೆ ಭಾವನ ಖಾತೆಗೆ 63 ಸಾವಿರದಷ್ಟು ಬಿತ್ತು. ಗ್ಲೌಸು, ರಿಜಿಸ್ಟ್ರೇಷನ್ ಶುಲ್ಕ ಅಂಥವಕ್ಕೆ ಕಡಿದಿದ್ದರು, ಎರಡನೇ ಕ್ವೆರಿ ಬರಲೇ ಇಲ್ಲ. "ಇಡೀ ಫೈಲ್ ಕಳಿಸು" ಅಂದ ಏಜೆಂಟರು ಮೊನ್ನೆ ಆ ಒಂದು ಪುಟದ ಪ್ರತಿ ಕೇಳಿ ತೆಗೆದುಕೊಂಡು ಹೋದರು.