ಮೊದಲು ಬೀಜ, ಬಳೆ, ಮಿಠಾಯಿ. ಆಮೇಲೆ ಭಾಗಾಕಾರದ ಚಿಹ್ನೆ

ಮೂರನೇ ತರಗತಿಯ ಮಗುವನ್ನು 12 ÷ 3 ಎಷ್ಟು ಎಂದು ಕೇಳಿದರೆ ಮಗ್ಗಿ ನೆನೆದು ನಾಲ್ಕು ಎನ್ನುತ್ತದೆ. ನಾಲ್ಕು ಏನು ಎಂದು ಕೇಳಿ, ಸುಮ್ಮನಾಗುತ್ತದೆ. ಮೊದಲ ದಿನವೇ ಚಿಹ್ನೆ ಬರೆಸಿದ ಕಡೆಯೆಲ್ಲ ಇದನ್ನು ಕಂಡಿದ್ದೇನೆ. ಒಂದು ವಾರ ಚಿಹ್ನೆ ಬೇಡ.

ಶುರು ಮಾಡುವುದು ಹಂಚಿಕೆಯಿಂದ. 12 ಹುಣಸೆ ಬೀಜ, 3 ತಟ್ಟೆ. ತಟ್ಟೆಗೊಂದರಂತೆ ಸುತ್ತು ಹಾಕುತ್ತ ಮುಗಿಯುವವರೆಗೆ ಇಡಲಿ, ತಟ್ಟೆಗೆ ನಾಲ್ಕು. ಇದು ಮಕ್ಕಳಿಗೆ ಸುಲಭ. ಅಂಗಡಿಯ ಪ್ಲಾಸ್ಟಿಕ್ ಮಣಿ ಮಾತ್ರ ತರಬೇಡಿ, ಉರುಳಿ ಹೋಗಿ ಅರ್ಧ ಪಾಠ ಹುಡುಕುವುದರಲ್ಲೇ ಕಳೆಯುತ್ತದೆ.

ಎಡವುವುದು ಎರಡನೆಯದರಲ್ಲಿ, ಅಂದರೆ ಗುಂಪು ಮಾಡುವುದರಲ್ಲಿ. 12 ಬಳೆ ಕೊಟ್ಟು, ಮೂರು ಮೂರು ಸೇರಿಸಿ ದಾರ ಕಟ್ಟು ಎನ್ನಿ. ಇಲ್ಲಿ ತಟ್ಟೆ ಇಡಲೇಬಾರದು. ನಾಲ್ಕು ತಟ್ಟೆ ಮೊದಲೇ ಜೋಡಿಸಿಟ್ಟರೆ ಉತ್ತರ ನೀವೇ ಹೇಳಿದಂತೆ, ಆಟ ಮತ್ತೆ ಹಂಚಿಕೆಯೇ ಆಗುತ್ತದೆ. ಎಷ್ಟು ಕಟ್ಟು ಬರುತ್ತದೆ ಎಂಬುದು ಕಟ್ಟಿ ಮುಗಿಸುವವರೆಗೆ ಮಗುವಿಗೆ ತಿಳಿಯಬಾರದು.

"ಎಷ್ಟಾಯ್ತು ಪುಟ್ಟಿ?" ಎಂದು ಒಬ್ಬಳನ್ನು ಕೇಳಿದೆ. ಒಂದು ಕಟ್ಟು ಎತ್ತಿಕೊಂಡು ಅದರೊಳಗಿನ ಬಳೆ ಎಣಿಸಿ "ಮೂರು" ಎಂದಳು. ಹಂಚಿಕೆಯಲ್ಲಿ ಉತ್ತರ ತಟ್ಟೆಯೊಳಗಿತ್ತು, ಹಾಗಾಗಿ ಇಲ್ಲೂ ಒಳಗೇ ಹುಡುಕಿದಳು. ತಪ್ಪು ಎನ್ನುವ ಬದಲು "ಎಷ್ಟು ದಾರ ಬೇಕಾಯ್ತು?" ಎಂದೆ. ಗಂಟುಗಳನ್ನು ಒಂದೊಂದೇ ಮುಟ್ಟಿ ನಾಲ್ಕು ಎಂದಳು. ಎಷ್ಟು ಬಳೆ, ಎಷ್ಟು ಕಟ್ಟು ಎಂದು ಬಿಡಿಸಿಯೇ ಕೇಳಿ, ಬರೀ "ಎಷ್ಟು?" ಎಂದರೆ ಗೊಂದಲ.

ಅಂಕಿ ಆರಿಸುವಾಗಲೂ ಎಚ್ಚರ. 9 ಬಳೆಗೆ ಮೂರು ಮೂರರ ಕಟ್ಟು, 16ಕ್ಕೆ ನಾಲ್ಕು ನಾಲ್ಕರ ಕಟ್ಟು ಕೊಡಬೇಡಿ. ಮಗು ಕಟ್ಟಿನ ಒಳಗೆ ಎಣಿಸಿದರೂ ಉತ್ತರ ಸರಿ ಬಂದುಬಿಡುತ್ತದೆ, ತಪ್ಪು ನಿಮಗೆ ಕಾಣುವುದಿಲ್ಲ. 10, 15, 18 ಒಳ್ಳೆಯವು. ಗಾಜಿನ ಬಳೆ ಬೇಡ, ಲೋಹದ್ದು ಸಾಕು.

ಮಿಠಾಯಿ ಕೊನೆಗೆ. 13 ಕಡಲೆ ಮಿಠಾಯಿಯನ್ನು ಮೂವರಿಗೆ ಹಂಚಿದಾಗ ಒಂದು ಉಳಿಯುತ್ತದೆ, ಮಕ್ಕಳು ಮುರಿಯಲು ಹೋಗುತ್ತಾರೆ. ಮುರಿಯಲಿ, ಅದೂ ಸರಿಯೇ. ಆಮೇಲೆ 13 ಬಳೆ ಕೊಡಿ. ಮುರಿಯಲಾಗದ ಆ ಒಂದನ್ನು ಪಕ್ಕಕ್ಕಿಟ್ಟು "ಉಳಿದದ್ದು" ಎನ್ನಲಿ. ಶೇಷ ಎಂಬ ಪದ ನಂತರ ಬರಲಿ.

ಈಗ ಮೂರು ತಟ್ಟೆಯ ಬೀಜ ಒಂದು ಕಡೆ, ನಾಲ್ಕು ಕಟ್ಟಿನ ಬಳೆ ಇನ್ನೊಂದು ಕಡೆ ಇಟ್ಟು, ಎರಡರ ಕೆಳಗೂ 12 ÷ 3 = 4 ಎಂದೇ ಬರೆಯಿರಿ. ಎಡಗಡೆ ನಾಲ್ಕನ್ನು ತೋರಿಸು ಎಂದರೆ ಮಗು ಒಂದು ತಟ್ಟೆಯೊಳಗೆ ಬೆರಳಿಡಬೇಕು, ಬಲಗಡೆ ಕಟ್ಟುಗಳನ್ನು ಎಣಿಸಬೇಕು. ಮರುದಿನ ಬರೀ 10 ÷ 2 ಬರೆದು ಎರಡು ಕಥೆ ಹೇಳಿಸಿ. ಎರಡೂ ಹಂಚಿಕೆಯ ಕಥೆಯೇ ಆದರೆ ಮತ್ತೆ ದಾರ, ಬಳೆ ತೆಗೆಯಿರಿ.